ನಿನ್ನೆಯ ಮೂರು ಅಂಕಿ

ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಷೇರು ಬ್ರೋಕರ್ ಕಚೇರಿಗೆ ದಿನವೂ ಎಲ್ಲರಿಗಿಂತ ಮೊದಲು ಬಂದು ಕೂರುವ ಹಿರಿಯರೊಬ್ಬರಿದ್ದರು. ಆಗ ಪೇಟೆ ತೆರೆಯುತ್ತಿದ್ದುದು ಬೆಳಿಗ್ಗೆ 9.55ಕ್ಕೆ. ಅವರು ಒಂಬತ್ತೂವರೆಗೇ ಮೂಲೆಯ ಕುರ್ಚಿ ಹಿಡಿದು, ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿಕೊಳ್ಳುತ್ತಿದ್ದರು. ಅದರಲ್ಲಿ ನಾಲ್ಕೈದು ಷೇರುಗಳ ಹೆಸರು, ಪ್ರತಿ ಹೆಸರಿನ ಮುಂದೆ ಮೂರು ಅಂಕಿ. ಹಿಂದಿನ ದಿನದ ಅತಿ ಹೆಚ್ಚಿನ ಬೆಲೆ, ಅತಿ ಕಡಿಮೆ ಬೆಲೆ, ಮುಕ್ತಾಯದ ಬೆಲೆ. ಅಷ್ಟೇ. ನಾನು ಆಗ ಹೊಸಬ. ಇವತ್ತು ಯಾವುದು ಏರುತ್ತದೆ ಎಂದು ಅವರನ್ನು ಕೇಳಿದೆ. ಅವರು ಚೀಟಿಯಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟು: "ತಮ್ಮಾ, ಇವತ್ತು ಏನಾಗ್ತದ ಅಂತ ಕೇಳಬ್ಯಾಡ. ನಿನ್ನೆ ಎಲ್ಲೀತನಕ ಹೋಗಿ ಹೊಳ್ಳಿ ಬಂತು, ಅದು ಗೊತ್ತೈತೇನ ಹೇಳು."

ನನಗೆ ಗೊತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಇಂಟ್ರಾಡೇ ವ್ಯವಹಾರ ಮಾಡುವ ಬಹಳ ಜನರಿಗೂ ಅದು ಗೊತ್ತಿರುವುದಿಲ್ಲ. ಅವರ ಚಾರ್ಟಿನ ಮೇಲೆ ಗೆರೆಗಳೇನೋ ಇರುತ್ತವೆ, P, R1, S1 ಎಂಬ ಗುರುತುಗಳೂ ಇರುತ್ತವೆ. ಆದರೆ ಆ ಗೆರೆ ಎಲ್ಲಿಂದ ಬಂತು, ಅದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದರ ಮೇಲೆ ಗಮನವಿರುವುದಿಲ್ಲ. ಬೆಲೆ ಬಂದು ಅಲ್ಲಿ ನಿಂತೇ ನಿಲ್ಲುತ್ತದೆ ಎಂದುಕೊಂಡು ದುಡ್ಡು ಹಾಕುತ್ತಾರೆ. ಷೇರು ಪೇಟೆಯ ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡುವ ವ್ಯಕ್ತಿಗಳ ಬಗ್ಗೆ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಅವರಲ್ಲಿ ಹತ್ತಕ್ಕೆ ಏಳು ಮಂದಿ ನಷ್ಟದಲ್ಲಿದ್ದರು. ಗೆರೆ ಎಳೆಯಲು ಬಂದ ಮಾತ್ರಕ್ಕೆ ಆ ಏಳರಿಂದ ಈಚೆಗೆ ಬರುತ್ತೇವೆಂದು ನಾನು ಹೇಳಲಾರೆ. ಆದರೆ ಗೆರೆಯ ಅರ್ಥ ತಿಳಿದವನು ಎಲ್ಲಿ ಕೈ ಹಾಕಬಾರದೆಂದು ಬೆಳಿಗ್ಗೆಯೇ ತೀರ್ಮಾನಿಸಬಲ್ಲ.

ಮೊದಲು ಸರಳವಾದದ್ದನ್ನು ನೋಡೋಣ: ನಿನ್ನೆಯ ಹೈ ಮತ್ತು ನಿನ್ನೆಯ ಲೋ.

ಒಂದು ಷೇರು ನಿನ್ನೆ 512 ರೂಪಾಯಿಯವರೆಗೆ ಹೋಗಿ ಇಳಿಯಿತು ಎನ್ನಿ. 512 ಎಂಬುದು ಯಾರೋ ಲೆಕ್ಕ ಹಾಕಿ ಹೇಳಿದ ಸಂಖ್ಯೆಯಲ್ಲ. ಆ ಬೆಲೆಗೆ ನಿಜವಾಗಿಯೂ ಯಾರೋ ಕೊಂಡಿದ್ದಾರೆ, ಯಾರೋ ಮಾರಿದ್ದಾರೆ. ಕೊಂಡವರ ಪೈಕಿ ಕೆಲವರು ಷೇರನ್ನು ಮನೆಗೆ ಒಯ್ದು, ರಾತ್ರಿಯಿಡೀ ನಷ್ಟದಲ್ಲಿ ಕುಳಿತಿದ್ದಾರೆ. ಇವತ್ತು ಬೆಲೆ ಮತ್ತೆ 512ಕ್ಕೆ ಬಂದರೆ, ಅಸಲು ಬಂತಲ್ಲ ಎಂದು ಅವರು ಮಾರುತ್ತಾರೆ. ನಿನ್ನೆ ಅಲ್ಲಿ ಮಾರಿ ಲಾಭ ಕಂಡವರು ಇವತ್ತೂ ಅಲ್ಲೇ ಮಾರಲು ಕಾಯುತ್ತಿರುತ್ತಾರೆ. ಹೀಗಾಗಿ 512ರ ಆಸುಪಾಸಿನಲ್ಲಿ ಮಾರುವವರ ಸಾಲು ಇರುತ್ತದೆ. ಆದರೆ ಅದರ ಸ್ವಲ್ಪ ಮೇಲೆ ಬೇರೆಯೇ ಜನ ಇದ್ದಾರೆ. ಕೆಳಗೆ ಮಾರಿ ಕುಳಿತ ಶಾರ್ಟ್‌ಗಳ ಸ್ಟಾಪ್‌ಲಾಸ್ 512.50, 513ರ ಹತ್ತಿರ ಇರುತ್ತದೆ. ಆ ಸ್ಟಾಪ್‌ಲಾಸ್ ಎಂದರೆ ಕೊಳ್ಳುವ ಆರ್ಡರ್. ನಿನ್ನೆಯ ಹೈ ದಾಟಿದರೆ ಕೊಳ್ಳೋಣ ಎಂದು ಕಾದವರ ಆರ್ಡರ್ ಕೂಡ ಅಲ್ಲೇ. ಒಂದು ರೂಪಾಯಿಯ ಜಾಗದಲ್ಲಿ ಕೆಳಗೆ ಮಾರುವವರು, ಮೇಲೆ ಕೊಳ್ಳುವವರು. ನಿನ್ನೆಯ ಹೈ ಬಳಿ ಬೆಲೆ ಒಮ್ಮೆಲೇ ಹಾರುವುದೂ ಒಮ್ಮೆಲೇ ಬೀಳುವುದೂ ಇದೇ ಕಾರಣಕ್ಕೆ. ನಿನ್ನೆಯ ಲೋ ಬಳಿ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ.

ಪಿವಟ್ ಎಂಬುದು ಬೇರೆ ಜಾತಿಯದು. ಅದು ಯಾರೂ ವ್ಯವಹಾರ ಮಾಡಿದ ಬೆಲೆಯಾಗಿರಬೇಕಿಲ್ಲ. ಅದು ಲೆಕ್ಕದಿಂದ ಹುಟ್ಟಿದ ಗೆರೆ. ಷಿಕಾಗೋದ ಫ್ಯೂಚರ್ಸ್ ಕಟ್ಟೆಗಳಲ್ಲಿ ಕೈಸನ್ನೆ ಮಾಡಿ ಕೂಗಿ ವ್ಯಾಪಾರ ನಡೆಸುತ್ತಿದ್ದವರ ಮುಂದೆ ಚಾರ್ಟ್ ಇರುತ್ತಿರಲಿಲ್ಲ. ಗದ್ದಲದ ನಡುವೆ ನಿಂತು ನೋಡಿಕೊಳ್ಳಲು ಒಂದು ಚೀಟಿ, ಅದರಲ್ಲಿ ನಾಲ್ಕಾರು ಸಂಖ್ಯೆ ಇದ್ದರೆ ಸಾಕಿತ್ತು. ಆ ಸಂಖ್ಯೆಗಳನ್ನು ಬೆಳಿಗ್ಗೆ ಪೆನ್ಸಿಲಿನಲ್ಲೇ ಹಾಕಿಕೊಳ್ಳುವಷ್ಟು ಸುಲಭವಾಗಿರಬೇಕಿತ್ತು. ಷಿಕಾಗೋದ ಆ ಕಟ್ಟೆಗಳಲ್ಲಿ ಬಹುಪಾಲು 2015ರಲ್ಲಿ ಮುಚ್ಚಿದವು. ಮುಂಬೈ ಷೇರು ಪೇಟೆಯಲ್ಲಿ ಕೂಗಿ ವ್ಯಾಪಾರ ಮಾಡುವುದು 1995ರಲ್ಲೇ ಮುಗಿದು ಕಂಪ್ಯೂಟರ್ ಬಂದಿತ್ತು. ಕಟ್ಟೆಗಳು ಹೋದರೂ ಚೀಟಿಯ ಲೆಕ್ಕ ಉಳಿಯಿತು. ಆ ಲೆಕ್ಕ ಇಷ್ಟು:

```
P  = (H + L + C) / 3
R1 = 2P - L
S1 = 2P - H
R2 = P + (H - L)
S2 = P - (H - L)
R3 = H + 2(P - L)
S3 = L - 2(H - P)
```

H ನಿನ್ನೆಯ ಹೈ, L ನಿನ್ನೆಯ ಲೋ, C ನಿನ್ನೆಯ ಕ್ಲೋಸ್. R ಎಂದರೆ ಮೇಲಿನ ತಡೆ, ಅಂದರೆ ರೆಸಿಸ್ಟೆನ್ಸ್. S ಎಂದರೆ ಕೆಳಗಿನ ಆಸರೆ, ಅಂದರೆ ಸಪೋರ್ಟ್. ನಮ್ಮ ಷೇರಿನ ಹೈ 512, ಲೋ 500, ಕ್ಲೋಸ್ 509 ಎನ್ನೋಣ. ಕೂಡಿದರೆ 1521, ಮೂರರಿಂದ ಭಾಗಿಸಿದರೆ ಪಿವಟ್ 507. R1 ಎಂದರೆ 1014ರಿಂದ 500 ಕಳೆದು 514. S1 ಎಂದರೆ 1014ರಿಂದ 512 ಕಳೆದು 502. R2 519, S2 495.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಏಕೆಂದರೆ ಪಿವಟ್ಟಿನ ಗುಟ್ಟೆಲ್ಲ ಈ ಸಂಖ್ಯೆಗಳಲ್ಲೇ ಇದೆ. ನಿನ್ನೆಯ ಹೈ ಮತ್ತು ಲೋ ನಡುವಿನ ಅಂತರ 12 ರೂಪಾಯಿ. R1 ಮತ್ತು S1 ನಡುವಿನ ಅಂತರ ನೋಡಿ, ಅದೂ 12. ನಿನ್ನೆಯ ಹಾಸು 500ರಿಂದ 512. ಇವತ್ತಿನದು 502ರಿಂದ 514. ನಿನ್ನೆಯ ಹಾಸನ್ನೇ ಎತ್ತಿ ಎರಡು ರೂಪಾಯಿ ಮೇಲೆ ಸರಿಸಿ ಇಟ್ಟಂತಾಯಿತು. ಎರಡೇ ರೂಪಾಯಿ ಏಕೆ? ನಿನ್ನೆಯ ಹೈ-ಲೋಗಳ ನಟ್ಟನಡು 506. ಕ್ಲೋಸ್ ಆದದ್ದು 509, ನಡುವಿಗಿಂತ 3 ರೂಪಾಯಿ ಮೇಲೆ. ಆ ಮೂರರ ಮೂರನೆಯ ಎರಡು ಭಾಗ ಎರಡು. ಯಾವ ಷೇರು ತೆಗೆದುಕೊಂಡರೂ, ಯಾವ ದಿನ ತೆಗೆದುಕೊಂಡರೂ ಈ ಲೆಕ್ಕ ತಪ್ಪುವುದಿಲ್ಲ. ಕ್ಲೋಸ್ ಸರಿಯಾಗಿ ನಡುವಿನಲ್ಲೇ ಆಗಿದ್ದರೆ R1 ಎಂಬುದು ನಿನ್ನೆಯ ಹೈ ಆಗಿಬಿಡುತ್ತದೆ, S1 ಎಂಬುದು ನಿನ್ನೆಯ ಲೋ ಆಗಿಬಿಡುತ್ತದೆ.

ಅಂದರೆ ಪಿವಟ್ ಹೇಳುತ್ತಿರುವುದು ಒಂದೇ ಮಾತು: "ಇವತ್ತೂ ನಿನ್ನೆಯಷ್ಟೇ ಅಗಲವಾಗಿ ಓಡಾಟ ನಡೆದೀತು, ನಿನ್ನೆ ಸಂಜೆ ಯಾರ ಕೈ ಮೇಲಿತ್ತೋ ಆ ಕಡೆಗೆ ಸ್ವಲ್ಪ ಸರಿದೀತು." ಇದು ಭವಿಷ್ಯವಲ್ಲ, ಅಂದಾಜು. ಬಹಳ ಸಾಧಾರಣವಾದ, ಆದರೆ ಸಾಧಾರಣ ದಿನಗಳಿಗೆ ಸಾಕಾಗುವ ಅಂದಾಜು. ನಿನ್ನೆಯಂಥದ್ದೇ ಇವತ್ತು ಇದ್ದರೆ ಗೆರೆಗಳು ಕೆಲಸಕ್ಕೆ ಬರುತ್ತವೆ. ಇವತ್ತು ಬೇರೆಯೇ ದಿನವಾದರೆ ಬರುವುದಿಲ್ಲ. ಅದನ್ನು ಮುಂದೆ ನೋಡೋಣ.

ಈಚೆಗೆ ನಮ್ಮ ಕಡೆ ಬಹಳ ಕೇಳಿಬರುವ ಸಿಪಿಆರ್ ಎಂಬ ಪಟ್ಟಿ ಕೂಡ ಇದೇ ಲೆಕ್ಕದ ಇನ್ನೊಂದು ಮುಖ. ಅದರ ಒಂದು ಅಂಚು ಹೈ-ಲೋಗಳ ನಡು, 506. ಇನ್ನೊಂದು ಅಂಚು ಪಿವಟ್ಟಿನ ಆಚೆ ಅಷ್ಟೇ ದೂರದಲ್ಲಿ, 508. ಅಗಲ ಅದೇ ಎರಡು ರೂಪಾಯಿ. ಪಟ್ಟಿ ಸಣ್ಣದಿದೆ ಎಂದರೆ ನಿನ್ನೆ ಕ್ಲೋಸ್ ನಡುವಿನ ಹತ್ತಿರ ಆಗಿದೆ ಎಂದು ಅರ್ಥ, ಅದಕ್ಕಿಂತ ಹೆಚ್ಚಿನ ಮಾಹಿತಿ ಅದರಲ್ಲಿಲ್ಲ.

ಈಗ ಆ ಷೇರಿನ ಒಂದು ದಿನವನ್ನು ಕೂತು ನೋಡೋಣ. ಷೇರು ಕಾಲ್ಪನಿಕ, ಆದರೆ ಇಂಥ ದಿನಗಳನ್ನು ಪೇಟೆಯಲ್ಲಿ ಇರುವ ಯಾರೂ ನೂರಾರು ಸಲ ನೋಡಿರುತ್ತಾರೆ. ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಐದು ಸಂಖ್ಯೆ ಬರೆದುಕೊಂಡಿದ್ದೇವೆ: 500 ನಿನ್ನೆಯ ಲೋ, 502 S1, 507 ಪಿವಟ್, 512 ನಿನ್ನೆಯ ಹೈ, 514 R1. ಗಮನಿಸಿ, ಮೇಲೆ 512 ಮತ್ತು 514 ಹತ್ತಿರ ಹತ್ತಿರ ಇವೆ. ಕೆಳಗೆ 500 ಮತ್ತು 502 ಕೂಡ. ಇವನ್ನು ಎರಡು ಪ್ರತ್ಯೇಕ ಗೆರೆಗಳೆಂದು ನೋಡುವುದಕ್ಕಿಂತ ಒಂದೊಂದು ಪಟ್ಟಿ ಎಂದು ನೋಡುವುದು ಒಳ್ಳೆಯದು. ಹೊಲದ ಬದು ಒಂದು ನೂಲಿನಷ್ಟು ತೆಳುವಾಗಿರುವುದಿಲ್ಲ, ನಡೆದುಹೋಗುವಷ್ಟು ಅಗಲವಿರುತ್ತದೆ.

9.15ಕ್ಕೆ ಷೇರು 508.50ಕ್ಕೆ ತೆರೆಯಿತು. ಮೊದಲ ಕಾಲು ಗಂಟೆ ಎತ್ತೆತ್ತಲೋ ಹೋಗುತ್ತದೆ, ರಾತ್ರಿ ಇಟ್ಟ ಆರ್ಡರ್‌ಗಳೆಲ್ಲ ತೀರುವ ಹೊತ್ತು ಅದು. 9.35ಕ್ಕೆ 507.20ಕ್ಕೆ ಇಳಿಯಿತು. ಪಿವಟ್‌ಗೆ ಇಪ್ಪತ್ತು ಪೈಸೆ ಮೇಲೆ ನಿಂತು, ಆ ಐದು ನಿಮಿಷದ ಕ್ಯಾಂಡಲ್ 508.20ಕ್ಕೆ ಮುಗಿಯಿತು. ಪಿವಟ್ ಮುಟ್ಟಲೇ ಇಲ್ಲ. ಗೆರೆಯನ್ನು ಪೈಸೆ ಲೆಕ್ಕದಲ್ಲಿ ಮುಟ್ಟಬೇಕೆಂದು ಕಾಯುವವನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅಲ್ಲಿಂದ ನಿಧಾನವಾಗಿ ಏರಿ ಹನ್ನೊಂದು ಗಂಟೆಗೆ 511.50ರಲ್ಲಿತ್ತು. 11.20ಕ್ಕೆ ನಿನ್ನೆಯ ಹೈ ದಾಟಿ 513ಕ್ಕೆ ಜಿಗಿಯಿತು. ಈ ಜಿಗಿತದಲ್ಲಿ ಆದದ್ದೇನು? ಶಾರ್ಟ್‌ಗಳ ಸ್ಟಾಪ್‌ಲಾಸ್ ಬಿತ್ತು, ಹೈ ದಾಟಲೆಂದು ಕಾದವರ ಆರ್ಡರ್ ಬಿತ್ತು. ಎರಡೂ ಸೇರಿ ಬೆಲೆಯನ್ನು ಎತ್ತಿದವು. ಆಮೇಲೆ? ಅವರ ಹಿಂದೆ ಹೊಸದಾಗಿ ಕೊಳ್ಳುವವರು ಇರಲಿಲ್ಲ. ಆ ಕ್ಯಾಂಡಲ್ 511.60ಕ್ಕೆ, ಅಂದರೆ ಮತ್ತೆ ನಿನ್ನೆಯ ಹೈ ಕೆಳಗೆ ಬಂದು ಮುಗಿಯಿತು. 512.50ಕ್ಕೆ, 512.80ಕ್ಕೆ ಕೊಂಡವರು ಸಿಕ್ಕಿಬಿದ್ದರು. ಇನ್ನು ಬೆಲೆ ಇಳಿದಷ್ಟೂ ಅವರೇ ಮಾರುವವರಾಗುತ್ತಾರೆ.

ಹೈ ನಿಜವಾಗಿ ಮುರಿಯಿತೋ ಸುಳ್ಳಾಗಿ ಮುರಿಯಿತೋ ಎಂದು ತಿಳಿಯುವುದು ಬೆಲೆ ಗೆರೆಯನ್ನು ದಾಟಿದ ಕ್ಷಣದಲ್ಲಿ ಅಲ್ಲ, ಕ್ಯಾಂಡಲ್ ಯಾವ ಕಡೆ ಮುಗಿಯಿತು ಎಂಬುದರಲ್ಲಿ. ಮೇಲೆಯೇ ಮುಗಿದು, ಮುಂದಿನ ಒಂದೆರಡು ಕ್ಯಾಂಡಲ್‌ಗಳು ಇಳಿದಾಗಲೂ 512ರ ಮೇಲೆ ನಿಂತರೆ ಮುರಿದದ್ದು ನಿಜವಿರಬಹುದು. ಅಂಥ ಕಾಯುವಿಕೆಯಲ್ಲಿ ಒಂದು ರೂಪಾಯಿ ಕೈಬಿಟ್ಟು ಹೋಗುತ್ತದೆ. ಹೋಗಲಿ. ಆ ಒಂದು ರೂಪಾಯಿ ಉಳಿಸಲು ಹೋಗಿ ನಾನು ನನ್ನ ಮೊದಲ ವರ್ಷದಲ್ಲಿ ಕಳೆದುಕೊಂಡದ್ದು ಬಹಳ.

ಈಗ ಮಾರುವವನ ಲೆಕ್ಕ. 511.40ಕ್ಕೆ ಶಾರ್ಟ್. ಎಣಿಕೆ ತಪ್ಪಿದೆ ಎಂದು ಯಾವಾಗ ಒಪ್ಪಿಕೊಳ್ಳಬೇಕು? 513ರ ಮೇಲೆ ಹೋದರೆ. ಸ್ಟಾಪ್‌ಲಾಸ್ 513.20. ಒಂದು ಷೇರಿಗೆ ಅಪಾಯ 1.80. ಈ ವ್ಯವಹಾರದಲ್ಲಿ ಐನೂರು ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದಿದ್ದರೆ, 500ನ್ನು 1.80ರಿಂದ ಭಾಗಿಸಿ 277 ಷೇರು. ಎಷ್ಟು ಷೇರು ಎಂಬುದನ್ನು ಖಾತೆಯಲ್ಲಿರುವ ಹಣ ನಿರ್ಧರಿಸಬಾರದು, ಸ್ಟಾಪ್‌ಲಾಸ್ ಎಷ್ಟು ದೂರವಿದೆ ಎಂಬುದು ನಿರ್ಧರಿಸಬೇಕು. ಗೆರೆಗಳ ನಿಜವಾದ ಉಪಯೋಗ ಇದು. ಕೆಳಗೆ ಮೊದಲು ಸಿಗುವ ನಿಲ್ದಾಣ ಪಿವಟ್, 507. ಅಲ್ಲಿಯವರೆಗೆ 4.40 ಸಿಕ್ಕರೆ 1,219 ರೂಪಾಯಿ. ಅಪಾಯದ ಎರಡೂವರೆ ಪಟ್ಟಿಗೆ ಹತ್ತಿರ, ಸರಿಯೇ ಅನ್ನಿಸುತ್ತದೆ.

ಆದರೆ ಖರ್ಚನ್ನು ಸೇರಿಸಿ ನೋಡಿ. ಸುಮಾರು 1,41,600 ರೂಪಾಯಿಯ ಮಾರಾಟಕ್ಕೆ 0.025 ಶೇಕಡಾ ಎಸ್‌ಟಿಟಿ ಎಂದರೆ 35 ರೂಪಾಯಿ. ಕೊಳ್ಳಲು ಇಪ್ಪತ್ತು, ಮಾರಲು ಇಪ್ಪತ್ತು ಬ್ರೋಕರೇಜ್ ಇದ್ದರೆ ನಲವತ್ತು. ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್, ಜಿಎಸ್‌ಟಿ ಸೇರಿ ಒಟ್ಟು ನೂರು ರೂಪಾಯಿಯ ಹತ್ತಿರ. ಸ್ಟಾಪ್‌ಲಾಸ್ ಹೊಡೆದರೆ ಐನೂರು ಎಂದುಕೊಂಡ ನಷ್ಟ ಆರುನೂರಾಗುತ್ತದೆ. ಗೆರೆಗಳು ಒಂದಕ್ಕೊಂದು ತೀರಾ ಹತ್ತಿರ ಇರುವ ದಿನ ಈ ನೂರು ರೂಪಾಯಿಯೇ ಲಾಭವನ್ನೆಲ್ಲ ತಿನ್ನುತ್ತದೆ. ಪಿವಟ್‌ನಿಂದ R1ಗೆ ಒಂದೂವರೆ ರೂಪಾಯಿ ಅಂತರವಿದ್ದರೆ ಅಲ್ಲಿ ವ್ಯವಹಾರವೇ ಇಲ್ಲ ಎಂದು ತಿಳಿದು ಸುಮ್ಮನಿರುವುದು ಲೇಸು.

ಅಂದು ಆ ಷೇರು ಮಧ್ಯಾಹ್ನ ಒಂದೂವರೆಗೆ 507 ತಲುಪಿ, ಸ್ವಲ್ಪ ತಡವರಿಸಿ, ಅದನ್ನೂ ದಾಟಿ 503.50ರವರೆಗೆ ಇಳಿಯಿತು. S1 ಇದ್ದದ್ದು 502ರಲ್ಲಿ. ಅದನ್ನು ಮುಟ್ಟಲಿಲ್ಲ. 504.50ಕ್ಕೆ ಕ್ಲೋಸ್ ಆಯಿತು.

ಇದು ಗೆರೆಗಳು ಮಾತು ಕೇಳಿದ ದಿನ. ಕೇಳದ ದಿನ ಹೇಗಿರುತ್ತದೆ ಎಂಬುದಕ್ಕೆ ಕಾಲ್ಪನಿಕ ಷೇರು ಬೇಡ, 2024ರ ಲೋಕಸಭಾ ಚುನಾವಣೆಯ ಫಲಿತಾಂಶದ ವಾರವೇ ಇದೆ. ಮೂರು ದಿನದಲ್ಲಿ ನಿಫ್ಟಿ ಈ ಲೆಕ್ಕವನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಕೆಡಿಸಿತು.

ಮೇ 31, ಶುಕ್ರವಾರ, ನಿಫ್ಟಿ 22,530.70ಕ್ಕೆ ಕ್ಲೋಸ್ ಆಗಿತ್ತು. ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಜೂನ್ 3ರ ಸೋಮವಾರ ನಿಫ್ಟಿ ತೆರೆದದ್ದು 23,337.90ಕ್ಕೆ, ಎಂಟುನೂರಕ್ಕೂ ಹೆಚ್ಚು ಅಂಶ ಮೇಲೆ. ಶುಕ್ರವಾರದ ಹೈ, ಪಿವಟ್, ಮೂರು ರೆಸಿಸ್ಟೆನ್ಸ್ ಎಲ್ಲವೂ ಕೆಳಗೆ ಉಳಿದುಹೋದವು. ಅಂಥ ಬೆಳಿಗ್ಗೆ ನಿನ್ನೆಯ ಚೀಟಿ ಕೆಲಸಕ್ಕೆ ಬಾರದ ಕಾಗದ. ಅದನ್ನು ಬದಿಗಿಟ್ಟು, ಮೊದಲ ಅರ್ಧ ಗಂಟೆಯಲ್ಲಿ ಹೊಸದಾಗಿ ಮೂಡುವ ಹೈ ಮತ್ತು ಲೋಗಳನ್ನೇ ಗೆರೆಗಳೆಂದು ಇಟ್ಟುಕೊಳ್ಳಬೇಕು.

ಸೋಮವಾರ ನಿಫ್ಟಿಯ ಹೈ 23,338.70, ಲೋ 23,062.30, ಕ್ಲೋಸ್ 23,263.90. ಇದರಿಂದ ಮಂಗಳವಾರ ಜೂನ್ 4ಕ್ಕೆ ಲೆಕ್ಕ ಹಾಕಿದರೆ ಪಿವಟ್ 23,222, S1 23,105, S2 22,945, S3 22,828. ಎಣಿಕೆ ಶುರುವಾಗಿತ್ತು. ನಿಫ್ಟಿ 23,179.50ಕ್ಕೆ ತೆರೆಯಿತು, ಪಿವಟ್‌ನ ಕೆಳಗೆ. ಅದೇ ಆ ದಿನದ ಹೈ ಕೂಡ. ಅಲ್ಲಿಂದ S1, ನಿನ್ನೆಯ ಲೋ, S2, S3 ಒಂದಾದ ಮೇಲೊಂದು ಹೋದವು. ದಿನದ ಲೋ 21,281.45. S3ಗಿಂತಲೂ 1,547 ಅಂಶ ಕೆಳಗೆ.

S1ರಲ್ಲಿ ಆಸರೆ ಸಿಗುತ್ತದೆ ಎಂದು ಕೊಂಡು, S2ರಲ್ಲಿ ಸರಾಸರಿ ಮಾಡಿ, S3ರಲ್ಲಿ ಇನ್ನಷ್ಟು ಕೊಂಡವನ ಸ್ಥಿತಿಯನ್ನು ಊಹಿಸಿಕೊಳ್ಳಿ. ಮೂರನೆಯ ಗೆರೆಯಾದ ಮೇಲೆ ಅವನ ಚಾರ್ಟಿನಲ್ಲಿ ಗೆರೆಯೇ ಇರಲಿಲ್ಲ. ಅದೇ ಗೆರೆಗಳನ್ನು ಇನ್ನೊಬ್ಬ ಬೇರೆ ರೀತಿ ಓದಿರುತ್ತಾನೆ: "ತೆರೆದದ್ದು ಪಿವಟ್‌ನ ಕೆಳಗೆ, ಈಗ ನಿನ್ನೆಯ ಲೋ ಕೂಡ ಹೋಯಿತು, ಕ್ಯಾಂಡಲ್ ಅದರ ಕೆಳಗೇ ಮುಗಿಯಿತು. ಇವತ್ತು ಕೊಳ್ಳುವ ದಿನವಲ್ಲ." ಗೆರೆಗಳು ಇಬ್ಬರಿಗೂ ಒಂದೇ. ಗೆರೆಯನ್ನು ಗೋಡೆ ಎಂದು ತಿಳಿದವನು ಕೆಟ್ಟ. ನಾವು ಯಾವ ಪಕ್ಕದಲ್ಲಿದ್ದೇವೆ ಎಂದು ತಿಳಿಸುವ ಗುರುತು ಎಂದುಕೊಂಡವನು ಉಳಿದ. ಸುದ್ದಿಯ ದಿನ, ಬಜೆಟ್ ದಿನ, ಕಂಪನಿಯ ಫಲಿತಾಂಶದ ಮರುದಿನ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಮೂರನೆಯ ದಿನದ್ದು ಇನ್ನೊಂದು ಬಗೆ. ಮಂಗಳವಾರ ನಿಫ್ಟಿ 21,884.50ಕ್ಕೆ ಕ್ಲೋಸ್ ಆಯಿತು. ಹೈ-ಲೋ ನಡುವೆ 1,898 ಅಂಶ. ಬುಧವಾರದ ಪಿವಟ್ 22,115, R1 22,949, S1 21,051. ನಿಫ್ಟಿ 22,128.35ಕ್ಕೆ ತೆರೆಯಿತು, ಪಿವಟ್‌ನ ಪಕ್ಕದಲ್ಲೇ. ಕೆಳಗೆ 21,791.95ರವರೆಗೆ ಹೋಯಿತು, ಮೇಲೆ 22,670.40ರವರೆಗೆ ಹೋಯಿತು, 22,620.35ಕ್ಕೆ ಕ್ಲೋಸ್ ಆಯಿತು. ಒಂದು ದಿನದಲ್ಲಿ ಮುನ್ನೂರು ಅಂಶ ಪಿವಟ್‌ನ ಕೆಳಗೂ ಐನೂರು ಅಂಶ ಮೇಲೂ ಓಡಾಡಿ, R1 ಆಗಲಿ S1 ಆಗಲಿ ಮುಟ್ಟಲೇ ಇಲ್ಲ. ನಿನ್ನೆಯಷ್ಟೇ ಅಗಲ ಇವತ್ತೂ ಇದ್ದೀತು ಎಂಬ ಆ ಅಂದಾಜು, ನಿನ್ನೆ ಬಿರುಗಾಳಿ ಬೀಸಿದ್ದರೆ ಹೀಗೆ ಹಳ್ಳ ಹಿಡಿಯುತ್ತದೆ. ಗೆರೆಗಳು ತಪ್ಪಲಿಲ್ಲ, ದೂರವಾಗಿ ನಿಷ್ಪ್ರಯೋಜಕವಾದವು.

ಇದಕ್ಕೆ ತದ್ವಿರುದ್ಧವಾದದ್ದು ದೀಪಾವಳಿಯ ಮುಹೂರ್ತ ವ್ಯಾಪಾರದ ಮರುದಿನ ಆಗುತ್ತದೆ. ಮುಹೂರ್ತದ ವಹಿವಾಟು ಒಂದೇ ಗಂಟೆ. ಪೂಜೆ ಮಾಡಿ ಶಾಸ್ತ್ರಕ್ಕೆ ನಾಲ್ಕು ಷೇರು ಕೊಳ್ಳುವ ಹೊತ್ತು ಅದು. ಹೈ ಮತ್ತು ಲೋ ನಡುವೆ ಅಂತರ ಸಾಮಾನ್ಯವಾಗಿ ಚಿಕ್ಕದು. ಆದರೆ ಆ್ಯಪ್‌ಗೆ ಅದೂ ಒಂದು ಪೂರ್ತಿ ದಿನವೇ. ಮರುದಿನದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಒತ್ತೊತ್ತಾಗಿ ಕಾಣುತ್ತವೆ, ಮೊದಲ ಹತ್ತು ನಿಮಿಷದಲ್ಲೇ ಬೆಲೆ R3 ದಾಟಿ ಹೋಗಬಹುದು. ಅಂದು ಮುಹೂರ್ತದ ಹಿಂದಿನ ದಿನವನ್ನೂ ಸೇರಿಸಿ ಹೈ-ಲೋ ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕಬೇಕು.

ಈಗ ಅಂಕಿಗಳೇ ತಪ್ಪಾಗುವ ಜಾಗಗಳಿಗೆ ಬರುತ್ತೇನೆ. ಒಂದೇ ಷೇರಿಗೆ ಎರಡು ಆ್ಯಪ್‌ಗಳು ಎರಡು ಬೇರೆ ಪಿವಟ್ ತೋರಿಸುವುದನ್ನು ಬಹಳ ಜನ ನೋಡಿರಬಹುದು. ಕಾರಣ ಹೆಚ್ಚಾಗಿ C, ಅಂದರೆ ಕ್ಲೋಸ್. ಎನ್‌ಎಸ್‌ಇಯಲ್ಲಿ ಷೇರಿನ ಅಧಿಕೃತ ಕ್ಲೋಸ್ ಎಂದು ನಾವು ಬಳಸುತ್ತ ಬಂದಿರುವುದು 3.30ಕ್ಕೆ ನಡೆದ ಕೊನೆಯ ವ್ಯವಹಾರದ ಬೆಲೆಯಲ್ಲ. 3ರಿಂದ 3.30ರವರೆಗಿನ ಅರ್ಧ ಗಂಟೆಯ ಎಲ್ಲ ವ್ಯವಹಾರಗಳ, ಷೇರುಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟು ತೆಗೆದ ಸರಾಸರಿ. ಕೊನೆಯ ಐದು ನಿಮಿಷದಲ್ಲಿ ಷೇರು ಓಡಿದರೆ ಕೊನೆಯ ಬೆಲೆ ಒಂದು, ಕ್ಲೋಸ್ ಇನ್ನೊಂದು. ಐದು ನಿಮಿಷದ ಚಾರ್ಟಿನ ಕೊನೆಯ ಕ್ಯಾಂಡಲ್‌ನಿಂದ ಲೆಕ್ಕ ಹಾಕುವ ಆ್ಯಪ್‌ನ ಪಿವಟ್ ಒಂದು ಬರುತ್ತದೆ, ಅಧಿಕೃತ ಕ್ಲೋಸ್‌ನಿಂದ ಹಾಕುವುದರದ್ದು ಬೇರೆ. ಎನ್‌ಎಸ್‌ಇ ದಿನವೂ ಸಂಜೆ ಬಿಡುವ ಭಾವ್‌ಕಾಪಿ ಕಡತದಲ್ಲಿ `ClsPric` ಮತ್ತು `LastPric` ಎಂದು ಎರಡು ಬೇರೆ ಕಾಲಂಗಳಿವೆ. ಒಮ್ಮೆ ಅದನ್ನು ತೆರೆದು ನಿಮ್ಮ ಷೇರಿನ ಎದುರು ಎರಡನ್ನೂ ನೋಡಿದರೆ ಗೊಂದಲ ತೀರುತ್ತದೆ. ವ್ಯತ್ಯಾಸ ಮೂರರಿಂದ ಭಾಗವಾಗುವುದರಿಂದ ಪಿವಟ್‌ನಲ್ಲಿ ಅದು ಚಿಕ್ಕದಾಗಿಯೇ ಕಾಣುತ್ತದೆ. ಹೈ ಮತ್ತು ಲೋಗಳಿಗೆ ಈ ತಾಪತ್ರಯವಿಲ್ಲ. ಅವನ್ನು ನಾನು ಹೆಚ್ಚು ನಂಬುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಟ್ರೇಡಿಂಗ್‌ವ್ಯೂ ಚಾರ್ಟಿನಲ್ಲಿ `Pivot Points Standard` ಹಾಕಿದಾಗ `Pivots Timeframe` ಎಂಬಲ್ಲಿ ತಾನಾಗಿಯೇ `Auto` ಇರುತ್ತದೆ. ಹದಿನೈದು ನಿಮಿಷದ ಚಾರ್ಟ್‌ವರೆಗೆ ಅದು ನಿನ್ನೆಯ ದಿನದ ಲೆಕ್ಕ ತೋರಿಸುತ್ತದೆ. ಮೂವತ್ತು ನಿಮಿಷದ ಚಾರ್ಟಿಗೆ ಬದಲಾಯಿಸಿದೊಡನೆ ಹೇಳದೆ ಕೇಳದೆ ಕಳೆದ ವಾರದ ಲೆಕ್ಕಕ್ಕೆ ಹೋಗುತ್ತದೆ. ಹೆಸರು ಅದೇ P, ಅದೇ R1, ಬಣ್ಣವೂ ಅದೇ. ಸಂಖ್ಯೆ ಮಾತ್ರ ಬೇರೆ. ನಾನೇ ಒಂದು ಬೆಳಿಗ್ಗೆ ವಾರದ S1 ಅನ್ನು ದಿನದ S1 ಎಂದು ತಿಳಿದು ಎರಡು ಗಂಟೆ ಕಾದಿದ್ದೆ. ಅಲ್ಲಿ `Daily` ಎಂದು ಕೈಯಾರೆ ಆರಿಸಿಬಿಡುವುದು ಕ್ಷೇಮ.

ಬೋನಸ್ ಅಥವಾ ಷೇರು ವಿಭಜನೆಯ ದಿನವೂ ಎಚ್ಚರ ಬೇಕು. 2018ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನ ಇನ್ಫೊಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಾಗ ಬೆಲೆ ಒಂದೇ ರಾತ್ರಿಯಲ್ಲಿ ಅರ್ಧಕ್ಕೆ ಇಳಿಯಿತು. ಯಾರಿಗೂ ನಷ್ಟವಾಗಲಿಲ್ಲ, ಷೇರುಗಳ ಸಂಖ್ಯೆ ದುಪ್ಪಟ್ಟಾಯಿತು ಅಷ್ಟೇ. ಅಂಥ ದಿನ ನಿನ್ನೆಯ ಹೈ, ಲೋ, ಕ್ಲೋಸ್ ಮೂರನ್ನೂ ಅರ್ಧ ಮಾಡಿಕೊಂಡೇ ಲೆಕ್ಕ ಹಾಕಬೇಕು. ಕೈಯಲ್ಲಿ ಚೀಟಿ ಬರೆಯುವವರು ಮರೆಯುವುದು ಇದನ್ನೇ.

ಕೊನೆಗೆ ಹೈ ಎಂಬುದರ ಬಗ್ಗೆಯೂ ಒಂದು ಮಾತು. ಕೆಲವು ದಿನ 9.15ಕ್ಕೆ ಒಂದೇ ದೊಡ್ಡ ಆರ್ಡರ್ ಬೆಲೆಯನ್ನು ಮೇಲಕ್ಕೆ ಎಳೆದು ಬಿಟ್ಟಿರುತ್ತದೆ. ದಿನದ ಹೈ ಎಂದು ದಾಖಲಾಗುವುದು ಆ ಬೆಲೆ. ಆದರೆ ಅಲ್ಲಿ ಸಿಕ್ಕಿಬಿದ್ದವರು ಹೆಚ್ಚಿಲ್ಲ, ಕಾಯುವವರೂ ಹೆಚ್ಚಿಲ್ಲ. ರಾತ್ರಿ ಚೀಟಿ ಬರೆಯುವಾಗ ಹೈ ಎಷ್ಟು ಎಂದು ಮಾತ್ರವಲ್ಲ, ಯಾವ ಹೊತ್ತಿನಲ್ಲಿ, ಎಷ್ಟು ವಹಿವಾಟಿನ ಮೇಲೆ ಆಯಿತು ಎಂದೂ ಐದು ನಿಮಿಷದ ಚಾರ್ಟಿನಲ್ಲಿ ನೋಡಿಕೊಳ್ಳುತ್ತೇನೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ, ಅರ್ಧ ಗಂಟೆ ಜಗ್ಗಾಟ ನಡೆದು ಆದ ಹೈ ಆದರೆ ಅದರ ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ನಮ್ಮ ಆ ಷೇರಿಗೆ ಮರಳಿದರೆ, ಅದರ ಮೂರು ಹೊಸ ಅಂಕಿಗಳು ಸಂಜೆಯ ಹೊತ್ತಿಗೆ ಸಿದ್ಧ: ಹೈ 513, ಲೋ 503.50, ಕ್ಲೋಸ್ 504.50. ಕೂಡಿದರೆ ಮತ್ತೆ 1521. ಪಿವಟ್ ಮತ್ತೆ 507. ಆದರೆ R1 ಈ ಸಲ 510.50ಕ್ಕೆ ಇಳಿದು ನಿನ್ನೆಯ ಹೈಗಿಂತ ಕೆಳಗಿದೆ, S1 501ಕ್ಕೆ ಇಳಿದು ನಿನ್ನೆಯ ಲೋಗಿಂತ ಕೆಳಗಿದೆ. ಹಿಂದಿನ ಸಂಜೆ ಬೆಲೆ 507ರ ಮೇಲೆ ಎರಡು ರೂಪಾಯಿಯಲ್ಲಿ ನಿಂತಿತ್ತು. ಈ ಸಂಜೆ ಅದೇ 507ರ ಕೆಳಗೆ ಎರಡೂವರೆ ರೂಪಾಯಿಯಲ್ಲಿ ನಿಂತಿದೆ. ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳುವ ಮುನ್ನ 507ರ ಪಕ್ಕದಲ್ಲಿ ಕೆಳಮುಖವಾಗಿ ಒಂದು ಬಾಣ ಹಾಕಿದ್ದೇನೆ.